ಎರೆ ಹೊಲದಲ್ಲಿ ಸೆನ್ಸರ್ ತಪ್ಪು ಹೇಳಿದಾಗ: ಹ್ಯಾಕಥಾನ್ ಅತಿಥಿಯ ಪರಿಚಯ

(ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ 36 ಗಂಟೆಗಳ ಹ್ಯಾಕಥಾನ್ ಶುರುವಾಗುವಾಗ ಅತಿಥಿಯನ್ನು ಪರಿಚಯಿಸುತ್ತಾ ಆಡಿದ ಮಾತುಗಳ ಬರಹ ರೂಪ. ಅತಿಥಿಯ ಕೋರಿಕೆಯಂತೆ ಅವರ ಹೆಸರನ್ನು ಇಲ್ಲಿ ಕೊಟ್ಟಿಲ್ಲ.)

ಎಲ್ಲರಿಗೂ ನಮಸ್ಕಾರ. ಗದಗ, ಹಾವೇರಿ, ರಾಣೆಬೆನ್ನೂರು ಕಡೆಯಿಂದ ನಸುಕಿನ ಬಸ್ ಹಿಡಿದು ಬಂದವರಿಗೂ, ಧಾರವಾಡ-ಹುಬ್ಬಳ್ಳಿಯ ಹುಡುಗ ಹುಡುಗಿಯರಿಗೂ ಸ್ವಾಗತ.

ಈ ಸಲದ ವಿಷಯ ನಿಮಗೆ ಗೊತ್ತಿದೆ: ಮಳೆ ನಂಬಿದ ಹೊಲಕ್ಕೆ ನೀರಿನ ಲೆಕ್ಕ. ನೀವು ಹೆಸರು ನೋಂದಾಯಿಸುವಾಗ ಬರೆದು ಕೊಟ್ಟ ಯೋಜನೆಗಳನ್ನೆಲ್ಲ ನಾನು ಓದಿದ್ದೇನೆ. ಬಹಳ ತಂಡಗಳ ಯೋಜನೆ ಹೆಚ್ಚುಕಡಿಮೆ ಒಂದೇ ಥರ ಇದೆ. ಮಣ್ಣಿಗೆ ಸೆನ್ಸರ್ ಚುಚ್ಚುವುದು, ತೇವ ಕಡಿಮೆಯಾದರೆ ರೈತರ ಮೊಬೈಲಿಗೆ ಮೆಸೇಜ್ ಕಳಿಸುವುದು, ಆಗುವುದಾದರೆ ಮೋಟರನ್ನೂ ಅದರಿಂದಲೇ ಚಾಲೂ ಮಾಡುವುದು. ಇದು ಒಳ್ಳೆಯ ಯೋಜನೆ. ಇವತ್ತು ನಾನು ಪರಿಚಯಿಸಬೇಕಾದ ಮೇಡಂ ಇದೇ ಯೋಜನೆಯನ್ನು ನವಲಗುಂದ ಕಡೆಯ ಒಂದು ಎರೆ ಹೊಲದಲ್ಲಿ ಮಾಡಿ ನೋಡಿದ್ದಾರೆ. ಅಲ್ಲಿ ಅದು ಕೆಟ್ಟಿತು. ಯಾಕೆ ಕೆಟ್ಟಿತು, ಅದನ್ನು ಅವರು ಹೇಗೆ ಕಂಡುಹಿಡಿದರು ಅನ್ನೋದನ್ನು ಹೇಳಿದರೆ ಅವರ ಪರಿಚಯ ಆದಂತೆಯೇ.

ಅವರ ಓದು, ಕೆಲಸದ ಬಗ್ಗೆ ಎರಡೇ ಮಾತು. ಹುಟ್ಟಿದ್ದು ನವಲಗುಂದ ತಾಲೂಕಿನ ಒಂದು ಹಳ್ಳಿಯಲ್ಲಿ. ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದರು. ಬೆಂಗಳೂರಿನಲ್ಲಿ ವಾಹನಗಳ ಸೆನ್ಸರ್ ಮೇಲೆ ಕೆಲಸ ಮಾಡಿದರು. ಆಮೇಲೆ ಊರಿಗೆ ಬಂದು ಹೊಲದ ಸೆನ್ಸರ್‌ಗಳ ಕೆಲಸಕ್ಕೆ ಇಳಿದರು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ಅವರಿಗೆ ಒಬ್ಬ ಹಿರಿಯ ರೈತರ ಪರಿಚಯವಾಯಿತು. "ನಮ್ಮ ಹೊಲದಾಗ ಹಾಕಿ ನೋಡ" ಅಂದರು ಅವರು. ಆ ಹೊಲದಲ್ಲಿ ಆಗ ಹಿಂಗಾರಿ ಕಡಲೆ ಬಿತ್ತುವ ತಯಾರಿ ನಡೆದಿತ್ತು.

ನಿಮ್ಮ ಮೇಜಿನ ಮೇಲಿರುವ ಸೆನ್ಸರನ್ನೊಮ್ಮೆ ಕೈಗೆ ತೆಗೆದುಕೊಳ್ಳಿ. ಅದು ಕೆಪಾಸಿಟಿವ್ ಸೆನ್ಸರ್. ಒಂದು ಚಪ್ಪಟೆ ಪಟ್ಟಿ, ಅದರೊಳಗೆ ಎರಡು ತಾಮ್ರದ ಪದರ. ಪಟ್ಟಿಯ ಸುತ್ತ ಏನಿದೆ ಅನ್ನುವುದರ ಮೇಲೆ ಅದರ ಕೆಪಾಸಿಟೆನ್ಸ್ ಬದಲಾಗುತ್ತದೆ. ಇಲ್ಲಿ ಮುಖ್ಯವಾದ ಸಂಖ್ಯೆ ಡೈಎಲೆಕ್ಟ್ರಿಕ್ ಸ್ಥಿರಾಂಕ. ಗಾಳಿಗೆ ಅದು 1. ಒಣ ಮಣ್ಣಿಗೆ ಸುಮಾರು 4. ನೀರಿಗೆ ಸುಮಾರು 80. ಅಂತರ ಇಷ್ಟು ದೊಡ್ಡದಿರುವುದರಿಂದಲೇ ಮಣ್ಣಿನಲ್ಲಿ ತುಸು ನೀರು ಹೆಚ್ಚಾದರೂ ಸೆನ್ಸರಿಗೆ ಗೊತ್ತಾಗುತ್ತದೆ. ಈ ಅಗ್ಗದ ಪಟ್ಟಿಗಳಲ್ಲಿ ತೇವ ಹೆಚ್ಚಾದಷ್ಟೂ ಹೊರಗೆ ಬರುವ ವೋಲ್ಟೇಜ್ ಕಡಿಮೆಯಾಗುತ್ತದೆ. ಅಂದರೆ ಪರದೆಯ ಮೇಲೆ ಕಚ್ಚಾ ಸಂಖ್ಯೆ ಏರಿದರೆ ಮಣ್ಣು ಒಣಗುತ್ತಿದೆ ಅಂತ ಅರ್ಥ. ಇದನ್ನು ಉಲ್ಟಾ ಹಿಡಿದು ಕೂತವರನ್ನು ಹಿಂದಿನ ಹ್ಯಾಕಥಾನ್‌ಗಳಲ್ಲಿ ನೋಡಿದ್ದೇನೆ. ಅದಕ್ಕೇ ಈಗಲೇ ಹೇಳಿಬಿಟ್ಟೆ.

ಇನ್ನೊಂದು ಸಂಗತಿಯನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಈ ಪಟ್ಟಿಗೆ ಇಡೀ ಹೊಲ ಕಾಣುವುದಿಲ್ಲ. ಅದರ ಮೈಗೆ ಅಂಟಿಕೊಂಡ ಕೆಲವೇ ಮಿಲಿಮೀಟರ್ ದಪ್ಪದ ಮಣ್ಣು ಮಾತ್ರ ಕಾಣುತ್ತದೆ. ಮೇಡಂ ಹೊಲದಲ್ಲಿ ಎದುರಿಸಿದ ತೊಂದರೆಯ ಬೇರು ಇರುವುದು ಇಲ್ಲೇ.

ಅಕ್ಟೋಬರಿನಲ್ಲಿ ಕಡಲೆ ಬಿತ್ತಿದರು. ಸೆನ್ಸರ್ ಹೂತರು. ಮೊದಲ ವಾರಗಳಲ್ಲಿ ಎಲ್ಲವೂ ಸರಿಯಾಗಿತ್ತು. ಕಚ್ಚಾ ಸಂಖ್ಯೆಯನ್ನು ತೇವಕ್ಕೆ ಬದಲಿಸಿ ಹಾಕಿದ ಗ್ರಾಫಿನ ಗೆರೆ ನಿಧಾನಕ್ಕೆ, ನುಣ್ಣಗೆ ಇಳಿಯುತ್ತಿತ್ತು. ಡಿಸೆಂಬರಿನ ಒಂದು ಮಧ್ಯಾಹ್ನ ಅದು ಥಟ್ಟನೆ ಕುಸಿಯಿತು. ವ್ಯವಸ್ಥೆ ತನ್ನ ಕೆಲಸ ಮಾಡಿತು: ಹೊಲ ಒಣಗಿದೆ, ನೀರು ಬೇಕು ಅಂತ ರೈತರಿಗೆ ಮೆಸೇಜ್ ಹೋಯಿತು. ಆ ಹಿರಿಯರು ಹೊಲಕ್ಕೆ ಹೋಗಿ ನೋಡಿ ಮೇಡಂಗೆ ಫೋನ್ ಮಾಡಿದರು.

"ತಂಗೀ, ನಿನ್ನ ಮಷಿನ್ ಹೊಲ ಒಣಗೇತಿ ಅಂತೈತಿ. ಬಂದು ಮಣ್ಣ ಕೈಯಾಗ ಹಿಡದ ನೋಡ, ಉಂಡಿ ಕಟ್ಟತೈತಿ."

ಮೇಡಂ ಹೋದರು. ಮೊದಲು ಬ್ಯಾಟರಿ ನೋಡಿದರು, ವೈರ್ ನೋಡಿದರು, ಬೋರ್ಡ್ ಬದಲಿಸಿದರು. ಎಲ್ಲ ಸರಿ ಇತ್ತು, ಸಂಖ್ಯೆ ಮಾತ್ರ ಬದಲಾಗಲಿಲ್ಲ. ಕೊನೆಗೆ ಸಲಿಕೆ ತೆಗೆದುಕೊಂಡು ಸೆನ್ಸರಿನ ಪಕ್ಕದಲ್ಲಿ ನಿಧಾನಕ್ಕೆ ಅಗೆದರು. ಎರೆ ಮಣ್ಣಿನಲ್ಲಿ ಒಂದು ಬಿರುಕು ಸೆನ್ಸರಿನ ಒಂದು ಮೈಯನ್ನು ಸವರಿಕೊಂಡು ಕೆಳಗಿಳಿದಿತ್ತು. ಪಟ್ಟಿಗೂ ಮಣ್ಣಿಗೂ ನಡುವೆ ಒಂದು ರೂಪಾಯಿ ನಾಣ್ಯ ತೂರಿಸುವಷ್ಟು ಜಾಗ. ಅಷ್ಟೇ. ಸೆನ್ಸರ್ ಆ ಜಾಗದ ಗಾಳಿಯನ್ನು ಅಳೆಯುತ್ತಿತ್ತು. ಪಕ್ಕದ ಮಣ್ಣು ನಿಜಕ್ಕೂ ಹಸಿಯಾಗಿಯೇ ಇತ್ತು.

ಎರೆ ಹೊಲ ಇರುವ ಮನೆಯ ಮಕ್ಕಳಿಗೆ ಈ ಬಿರುಕುಗಳ ಬಗ್ಗೆ ನಾನು ಹೇಳಬೇಕಿಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ರೋಣ, ನರಗುಂದ ಕಡೆಯ ಕಪ್ಪು ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ನೀರು ಬಿಟ್ಟರೆ ಕುಗ್ಗುತ್ತದೆ. ಅದರಲ್ಲಿರುವ ಜೇಡಿಯ ಕಣಗಳು ತೆಳ್ಳನೆಯ ಪದರಗಳ ರೂಪದಲ್ಲಿರುತ್ತವೆ. ನೀರು ಆ ಪದರಗಳ ನಡುವೆಯೇ ಹೋಗಿ ಕೂರುತ್ತದೆ. ಅದು ಹೊರಟಾಗ ಪದರಗಳು ಹತ್ತಿರ ಬರುತ್ತವೆ, ಇಡೀ ಮಣ್ಣೇ ಕುಗ್ಗಿ ಸೀಳು ಬಿಡುತ್ತದೆ. ಒಂದು ಮೊಳಕ್ಕಿಂತ ಆಳಕ್ಕೆ ಇಳಿಯುವ ಬಿರುಕುಗಳೂ ಇವೆ. ಇನ್ನೂ ಒಂದು ಮಾತು. ಗಟ್ಟಿಯಾದ ಪಟ್ಟಿಯೊಂದನ್ನು ಮಣ್ಣಿನೊಳಗೆ ಇಟ್ಟಾಗ ಬಿರುಕು ಅಲ್ಲಿಂದಲೇ ಶುರುವಾಗುವ ಸಾಧ್ಯತೆ ಹೆಚ್ಚು. ಮಣ್ಣು ಕುಗ್ಗುತ್ತದೆ, ಪಟ್ಟಿ ಕುಗ್ಗುವುದಿಲ್ಲ. ಹಾಗಾಗಿ ಇದನ್ನು ದುರದೃಷ್ಟ ಅಂತ ಬಿಡುವ ಹಾಗಿಲ್ಲ. ಈ ಭಾಗದಲ್ಲಿ ಸೆನ್ಸರ್ ಹೂಳುವ ಯಾರಿಗಾದರೂ ಬರುವ ತೊಂದರೆ ಇದು. ಮಸಾರಿ ಹೊಲದಲ್ಲಿ ಪ್ರಯೋಗ ಮಾಡಿದವರಿಗೆ ಇದು ಕಾಣುವುದೇ ಇಲ್ಲ. ಇಂಟರ್ನೆಟ್ಟಿನಲ್ಲಿ ಹೂಕುಂಡದ ಮಣ್ಣಿಗೆ ಸೆನ್ಸರ್ ಚುಚ್ಚಿ ತೋರಿಸುವ ವಿಡಿಯೊಗಳಲ್ಲಂತೂ ಇದರ ಸುಳಿವೂ ಸಿಗುವುದಿಲ್ಲ.

ಆ ದಿನದ ನಂತರ ಮೇಡಂ ತಮ್ಮ ಹಳೆಯ ಗ್ರಾಫ್‌ಗಳನ್ನೆಲ್ಲ ಹರಡಿಕೊಂಡು ಕೂತರು. ಹೊಲ ನಿಜವಾಗಿ ಒಣಗುವುದಕ್ಕೂ ಬಿರುಕಿನಿಂದ ಬರುವ ತಪ್ಪಿಗೂ ವ್ಯತ್ಯಾಸ ಹೇಗೆ ಗುರುತಿಸುವುದು? ಅವರಿಗೆ ಸಿಕ್ಕ ಗುರುತುಗಳನ್ನು ನನಗೂ ವಿವರಿಸಿದ್ದಾರೆ. ಬೇರಿನ ಆಳದಲ್ಲಿ ತೇವ ಅವಸರದಿಂದ ಇಳಿಯುವುದಿಲ್ಲ. ಗಿಡ ದಿನವೂ ಸ್ವಲ್ಪ ಸ್ವಲ್ಪ ಕುಡಿಯುತ್ತದೆ, ಅಷ್ಟೇ. ವಾರದಲ್ಲಿ ಇಳಿಯಬೇಕಾದಷ್ಟು ತೇವ ಎರಡು ಮೂರು ಗಂಟೆಯಲ್ಲಿ ಇಳಿದಿದೆ ಅಂತ ಗ್ರಾಫ್ ತೋರಿಸಿದರೆ ಅದನ್ನು ನಂಬಬಾರದು. ಬೇರು ಅಷ್ಟು ಬೇಗ ಕುಡಿಯಲಾರದು. ಇನ್ನೊಂದು ಗುರುತು ಮಳೆ ಬಂದಾಗ ಕಾಣುತ್ತದೆ. ಬಿರುಕಿನ ಪಕ್ಕದ ಸೆನ್ಸರಿನ ಗೆರೆ ಸಣ್ಣ ಮಳೆಗೇ ನೇರ ಮೇಲಕ್ಕೆ ಹಾರಿಬಿಡುತ್ತದೆ. ನೀರು ಬಿರುಕಿನಲ್ಲಿ ಸುರಿದುಕೊಂಡು ನೇರವಾಗಿ ಸೆನ್ಸರಿನ ಮೈಮೇಲೆ ಹರಿದಿರುತ್ತದೆ. ಎರಡು ಬಿರುಕುಗಳ ನಡುವಿನ ಗಟ್ಟಿ ಮಣ್ಣು ಮಾತ್ರ ಇನ್ನೂ ಒಣಗಿಯೇ ಇರುತ್ತದೆ. ಅಂದರೆ ಅದೇ ಸೆನ್ಸರ್ ಮಳೆಗೆ ಮೊದಲು ಹಸಿಯಾದ ಹೊಲವನ್ನು ಒಣ ಅನ್ನುತ್ತದೆ, ಮಳೆ ಆದ ಮೇಲೆ ಒಣ ಹೊಲವನ್ನು ಹಸಿ ಅನ್ನುತ್ತದೆ. ಎರಡೂ ಕಡೆ ತಪ್ಪು.

ದಿನವೂ ಮಧ್ಯಾಹ್ನ ಸ್ವಲ್ಪ ಏರಿ ರಾತ್ರಿ ಇಳಿಯುವ ಸಣ್ಣ ಅಲೆಯೂ ಗ್ರಾಫಿನಲ್ಲಿ ಕಾಣಬಹುದು. ಅದು ಬಿಸಿಲಿಗೆ ಸರ್ಕೀಟು ಕಾಯುವುದರಿಂದ ಬರುವುದು. ಅದಕ್ಕೆ ಗಾಬರಿಯಾಗಬೇಡಿ, ದಿನಕ್ಕೊಮ್ಮೆ ಬೆಳಗಿನ ಜಾವದ ರೀಡಿಂಗ್ ಮಾತ್ರ ಹೋಲಿಸಿದರೆ ಸಾಕು.

ಸರಿ, ಪರಿಹಾರ? ಮೊದಲು ಅವರು ಎಲ್ಲರೂ ಹೇಳುವುದನ್ನೇ ಮಾಡಿದರು. ಅದೇ ಹೊಲದ ಮಣ್ಣನ್ನು ನೀರಿನಲ್ಲಿ ಕಲಸಿ, ರಾಡಿ ಮಾಡಿ, ಸೆನ್ಸರಿನ ಸುತ್ತ ತುಂಬಿದರು. ಬೇರೆ ಮಣ್ಣಿಗೆ ಈ ಉಪಾಯ ನಡೆಯುತ್ತದೆ. ಎರೆ ಮಣ್ಣಿನಲ್ಲಿ ಆ ರಾಡಿಯೇ ಎಲ್ಲಕ್ಕಿಂತ ಜಾಸ್ತಿ ಕುಗ್ಗುತ್ತದೆ, ಯಾಕಂದರೆ ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ನೀರಿರುತ್ತದೆ. ಒಣಗಿದ ಮೇಲೆ ಮೊದಲಿಗಿಂತ ದೊಡ್ಡ ಸಂದಿ ಉಳಿಯಿತು.

ಆಮೇಲೆ ಹೂಳುವ ರೀತಿಯನ್ನೇ ಬದಲಿಸಿದರು. ಬಿತ್ತನೆಯ ಸಮಯದಲ್ಲಿ, ಮಣ್ಣು ಹಸಿಯಾಗಿದ್ದಾಗಲೇ ಹೂಳಬೇಕು. ಮೇಲಿನಿಂದ ನೇರ ಚುಚ್ಚಬಾರದು. ಪಕ್ಕದಲ್ಲಿ ಸಣ್ಣ ಗುಂಡಿ ತೆಗೆದು, ಗುಂಡಿಯ ಗೋಡೆಯೊಳಕ್ಕೆ ಅಡ್ಡಲಾಗಿ ತಳ್ಳಬೇಕು. ತಳ್ಳುವ ಮೊದಲು ಸೆನ್ಸರಿಗಿಂತ ತೆಳ್ಳಗಿನ ಅಲಗಿನಿಂದ ದಾರಿ ಮಾಡಬೇಕು. ಆಗ ಪಟ್ಟಿ ಬಿಗಿಯಾಗಿ ಕೂರುತ್ತದೆ. ಹೀಗೆ ಒಂದೇ ಆಳದಲ್ಲಿ, ಒಂದೊಂದು ಮೊಳ ದೂರದಲ್ಲಿ, ಮೂರು ಸೆನ್ಸರ್ ಇಡಬೇಕು. ಮೂರೂ ಒಟ್ಟಿಗೆ ಬಿರುಕಿಗೆ ಸಿಗುವುದು ಅಪರೂಪ.

ಮೂರು ರೀಡಿಂಗ್ ಬಂದಾಗ ನಿಮ್ಮ ಕೈ ತಾನಾಗಿಯೇ ಸರಾಸರಿ ತೆಗೆಯಲು ಹೋಗುತ್ತದೆ. ಅಲ್ಲಿ ಸ್ವಲ್ಪ ತಡೆಯಿರಿ. ಉದಾಹರಣೆಗೆ ಮೂರು ಸೆನ್ಸರುಗಳು ತೇವ 24, 23 ಮತ್ತು 9 ಅಂತ ಹೇಳಿದವು ಅನ್ನೋಣ. ಸರಾಸರಿ ಸುಮಾರು 19. ನೀವು ಎಚ್ಚರಿಕೆಯ ಗಡಿಯನ್ನು 20ಕ್ಕೆ ಇಟ್ಟಿದ್ದರೆ ಮೆಸೇಜ್ ಹೋಗುತ್ತದೆ. ಮೂರನ್ನೂ ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ ನಡುವಿನದನ್ನು ತೆಗೆದುಕೊಂಡರೆ ಬರುವುದು 23. ಮೆಸೇಜ್ ಹೋಗುವುದಿಲ್ಲ. ಹಾಳಾದ ಒಂದು ಸೆನ್ಸರ್ ಸರಾಸರಿಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ನಡುವಿನ ಸಂಖ್ಯೆಯನ್ನು ಅಷ್ಟು ಸುಲಭವಾಗಿ ಎಳೆಯಲಾರದು. ಕೋಡ್ ಇಷ್ಟೇ:

```cpp
int median3(int a, int b, int c) {
  return max(min(a, b), min(max(a, b), c));
}
```

ಇದರ ಜೊತೆಗೆ, ಒಂದು ಸೆನ್ಸರ್ ಉಳಿದೆರಡರಿಂದ ತೀರಾ ದೂರ ಹೋದರೆ ಅದರ ನಂಬರನ್ನೂ ದಿನವನ್ನೂ ಗುರುತು ಹಾಕಿ ಇಡಬೇಕು ಅಂತಾರೆ ಮೇಡಂ. ಅದನ್ನು ಅಳಿಸಿ ಹಾಕಬಾರದು. ಅದು ಬಿರುಕು ಬಿಟ್ಟ ದಿನದ ದಾಖಲೆ. ಇನ್ನು ಬೆಳೆಯ ಕೊನೆ ಹಂತದಲ್ಲಿ ಹೊಲ ಎಲ್ಲ ಕಡೆ ಬಿರಿದಾಗ ಮೂರೂ ಸೆನ್ಸರುಗಳು ಕೈಕೊಡಬಹುದು. ಆಗ ಅವರ ವ್ಯವಸ್ಥೆ ಸಂಖ್ಯೆ ತೋರಿಸುವುದಿಲ್ಲ. "ಸೆನ್ಸರ್ ನಂಬಬೇಡಿ, ಮಣ್ಣು ಅಗೆದು ನೋಡಿ" ಅಂತ ಕನ್ನಡದಲ್ಲಿ ಮೆಸೇಜ್ ಕಳಿಸುತ್ತದೆ. ನನಗೆ ಅವರ ಕೆಲಸದಲ್ಲಿ ತುಂಬಾ ಇಷ್ಟವಾದದ್ದು ಇದೇ. ಗೊತ್ತಿಲ್ಲದಾಗ ಗೊತ್ತಿಲ್ಲ ಅನ್ನುವ ಯಂತ್ರವನ್ನು ರೈತರು ಮುಂದಿನ ವರ್ಷವೂ ಹೊಲದಲ್ಲಿ ಇಟ್ಟುಕೊಳ್ಳುತ್ತಾರೆ. ಆ ಹಿರಿಯರ ಹೊಲದಲ್ಲಿ ಅದು ಇನ್ನೂ ಇದೆ.

ಈಗ ನಿಮ್ಮ 36 ಗಂಟೆಗೆ ಬರೋಣ. ವೇದಿಕೆಯ ಎಡಕ್ಕೆ ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲಗಳಿವೆ, ನೋಡಿದಿರಾ? ಚಹಾ ಕೌಂಟರ್ ಅಂದುಕೊಂಡು ಕೆಲವರು ಆಗಲೇ ಹೋಗಿ ಬಂದರು. ಅದರಲ್ಲಿರುವುದು ಮಣ್ಣು. ನಿಮಗೋಸ್ಕರ ಮೇಡಂ ತಯಾರಿ ಮಾಡಿ ತಂದದ್ದು.

ಯಾಕೆ ಬೇಕು ಅಂದರೆ, ಸೆನ್ಸರ್ ಕೊಡುವ ಸಂಖ್ಯೆಗೆ ತನ್ನಷ್ಟಕ್ಕೆ ಅರ್ಥವಿಲ್ಲ. ನಿಮ್ಮ ESP32 ಬೋರ್ಡ್ 0ಯಿಂದ 4095ರ ನಡುವಿನ ಒಂದು ಸಂಖ್ಯೆ ಕೊಡುತ್ತದೆ. ಬಹಳ ಜನ ಮಾಡುವುದೇನು? ಸೆನ್ಸರನ್ನು ಗಾಳಿಯಲ್ಲಿ ಹಿಡಿದು ಒಂದು ಸಂಖ್ಯೆ ಬರೆದುಕೊಳ್ಳುತ್ತಾರೆ, 2800 ಅನ್ನೋಣ. ಲೋಟದ ನೀರಿನಲ್ಲಿ ಅದ್ದಿ ಇನ್ನೊಂದು ಬರೆದುಕೊಳ್ಳುತ್ತಾರೆ, 1200 ಅನ್ನೋಣ. ಆಮೇಲೆ ಈ ಸಾಲು:

```cpp
int pct = map(raw, 2800, 1200, 0, 100);
```

ಪರದೆಯ ಮೇಲೆ ಚೆಂದವಾಗಿ "ತೇವ 62%" ಅಂತ ಬರುತ್ತದೆ. ಯಾವುದರ 62? ಗಾಳಿ ಮತ್ತು ನೀರಿನ ನಡುವಿನ 62. ಹೊಲದಲ್ಲಿ ನೂರಕ್ಕೆ ನೂರು ನೀರು ಇರಲು ಸಾಧ್ಯವೇ ಇಲ್ಲ, ಮಣ್ಣಿಗೂ ಜಾಗ ಬೇಕಲ್ವಾ? ಕೆಸರಾಗುವಷ್ಟು ನೀರು ತುಂಬಿದ ಎರೆ ಮಣ್ಣಿನಲ್ಲೂ ನೀರು ಹಿಡಿಯುವುದು ಒಟ್ಟು ಜಾಗದ ಸುಮಾರು ಅರ್ಧ.

ಮಣ್ಣಿನ ನಿಜವಾದ ತೇವ ತಿಳಿಯಲು ಹಳೆಯ ದಾರಿಯೇ ಗಟ್ಟಿ: ತೂಕ. ಹೊಲದಿಂದ ಹಸಿ ಮಣ್ಣು ತಂದು ತೂಗಬೇಕು. 105 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಬೇಕು. ಹಸಿ ಮಣ್ಣು 150 ಗ್ರಾಂ ಇದ್ದು, ಒಣಗಿದ ಮೇಲೆ 120 ಗ್ರಾಂ ಆಯಿತು ಅನ್ನೋಣ. ಹೋದ ನೀರು 30 ಗ್ರಾಂ. ಅದನ್ನು ಒಣ ತೂಕ 120ರಿಂದ ಭಾಗಿಸಿದರೆ ತೇವ 25 ಪ್ರತಿಶತ. ಹಸಿ ತೂಕದಿಂದ ಭಾಗಿಸಬಾರದು. ಭಾಗಿಸಿದರೆ 20 ಬರುತ್ತದೆ, ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಆದರೆ ಹ್ಯಾಕಥಾನ್‌ನಲ್ಲಿ ಒಣಗಿಸಲು 24 ಗಂಟೆ ಎಲ್ಲಿದೆ? ಅದಕ್ಕೆ ಮೇಡಂ ಉಲ್ಟಾ ದಾರಿ ಹಿಡಿದಿದ್ದಾರೆ. ಎರೆ ಮಣ್ಣನ್ನು ಮೊದಲೇ ಓವನ್‌ನಲ್ಲಿ ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು, ಕಿಲೋ ಲೆಕ್ಕದಲ್ಲಿ ಭಾಗ ಮಾಡಿದ್ದಾರೆ. ಒಂದು ಕಿಲೋಗೆ 150 ಮಿಲಿಲೀಟರ್ ನೀರು ಹಾಕಿದ್ದು 15 ಪ್ರತಿಶತದ ಚೀಲ. 250 ಹಾಕಿದ್ದು 25ರದು. 350 ಹಾಕಿದ್ದು 35ರದು. ನಿನ್ನೆ ಸಂಜೆಯೇ ಕಲಸಿ ಬಾಯಿ ಕಟ್ಟಿದ್ದಾರೆ. ಜೇಡಿ ಮಣ್ಣಿನಲ್ಲಿ ನೀರು ಎಲ್ಲ ಕಡೆ ಸಮನಾಗಿ ಹರಡಲು ರಾತ್ರಿಯೆಲ್ಲ ಬೇಕು. ಈಗ ಕಲಸಿ ಈಗಲೇ ಅಳೆದರೆ ಒಂದು ಕಡೆ ಉಂಡೆ, ಇನ್ನೊಂದು ಕಡೆ ಪುಡಿ ಇರುತ್ತದೆ.

ನೀವು ಮಾಡಬೇಕಾದ್ದು ಇಷ್ಟು. ಮೂರೂ ಚೀಲಗಳಿಂದ ಒಂದೇ ಅಳತೆಯ ಡಬ್ಬಿಗಳಿಗೆ, ಒಂದೇ ತೂಕದ ಒಣ ಮಣ್ಣು ಬರುವಂತೆ ತುಂಬಿ ಒತ್ತಿ. ಒಂದನ್ನು ಸಡಿಲ, ಒಂದನ್ನು ಬಿಗಿ ತುಂಬಿದರೆ ನಡುವಿನ ಗಾಳಿಯ ಪ್ರಮಾಣ ಬದಲಾಗಿ ಸಂಖ್ಯೆಯೂ ಬದಲಾಗುತ್ತದೆ. ಸೆನ್ಸರ್ ಚುಚ್ಚಿ, ಸಂಖ್ಯೆ ನಿಂತ ಮೇಲೆ ಬರೆದುಕೊಳ್ಳಿ. ತೆಗೆದು, ಒರೆಸಿ, ಜಾಗ ಬದಲಿಸಿ ಮತ್ತೆ ಚುಚ್ಚಿ. ಮೂರು ತೇವಕ್ಕೆ ಸಿಕ್ಕ ಸಂಖ್ಯೆಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತು ಮಾಡಿದರೆ ನಿಮ್ಮ ಸೆನ್ಸರಿನ, ಈ ಮಣ್ಣಿನ ಗೆರೆ ಸಿಗುತ್ತದೆ. ಪಕ್ಕದ ತಂಡದ ಗೆರೆಯನ್ನು ನಕಲು ಮಾಡಬೇಡಿ. ಒಂದೇ ಪೊಟ್ಟಣದಿಂದ ಬಂದ ಎರಡು ಸೆನ್ಸರುಗಳೂ ಒಂದೇ ಸಂಖ್ಯೆ ಕೊಡುವುದಿಲ್ಲ.

ಆ 15ರ ಚೀಲವನ್ನು ಕೈಯಲ್ಲಿ ಹಿಡಿದು ನೋಡಲು ಮರೆಯಬೇಡಿ. ಅದರಲ್ಲಿ ಕಿಲೋಗೆ 150 ಗ್ರಾಂ ನೀರಿದೆ. ಆದರೂ ಕಡಲೆಯ ಬೇರಿಗೆ ಅದರಿಂದ ಹೆಚ್ಚುಕಡಿಮೆ ಏನೂ ಸಿಗುವುದಿಲ್ಲ, ಯಾಕಂದರೆ ಜೇಡಿ ಅದನ್ನು ಅಷ್ಟು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಮರಳು ಬೆರೆತ ಮಸಾರಿ ಮಣ್ಣಿನಲ್ಲಿ ಇದೇ 15 ಇದ್ದರೆ ಗಿಡ ನೆಮ್ಮದಿಯಾಗಿ ಇರುತ್ತದೆ. ಹಾಗಾಗಿ ಎಚ್ಚರಿಕೆಯ ಗಡಿಯನ್ನು ಎಲ್ಲ ಹೊಲಕ್ಕೂ ಒಂದೇ ಇಡುವ ಆ್ಯಪ್ ಎರೆಯಲ್ಲಿ ತಡವಾಗಿ ಎಚ್ಚರಿಸುತ್ತದೆ, ಮಸಾರಿಯಲ್ಲಿ ಸುಮ್ನೆ ಎಚ್ಚರಿಸುತ್ತಾ ಕೂರುತ್ತದೆ. ಹೊಲದ ಮಣ್ಣು ಯಾವುದು ಅಂತ ಕೇಳುವ ಒಂದು ಪ್ರಶ್ನೆ ನಿಮ್ಮ ಆ್ಯಪ್‌ನ ಮೊದಲ ಪುಟದಲ್ಲೇ ಇರಲಿ.

ಇವತ್ತು ರಾತ್ರಿ ಯಾವುದೋ ತಂಡಕ್ಕೆ ಖಂಡಿತ ಬರುವ ಒಂದು ತೊಂದರೆಯನ್ನು ಮೊದಲೇ ಹೇಳುತ್ತೇನೆ. ಸಂಜೆಯವರೆಗೆ ಸರಿಯಾಗಿ ಓದುತ್ತಿದ್ದ ಸೆನ್ಸರ್, ವೈಫೈ ಕೋಡ್ ಸೇರಿಸಿದ ಕೂಡಲೇ ಹುಚ್ಚು ಸಂಖ್ಯೆ ಕೊಡುತ್ತದೆ ಅಥವಾ ಓದುವುದನ್ನೇ ನಿಲ್ಲಿಸುತ್ತದೆ. ಸೆನ್ಸರನ್ನು ಬೈಯಬೇಡಿ. ESP32 ಚಿಪ್‌ನಲ್ಲಿ ಅನಲಾಗ್ ಓದುವ ಎರಡು ಭಾಗಗಳಿವೆ, ADC1 ಮತ್ತು ADC2. ವೈಫೈ ಚಾಲೂ ಇದ್ದಾಗ ADC2 ನಿಮಗೆ ಸಿಗುವುದಿಲ್ಲ, ಅದನ್ನು ವೈಫೈ ಬಳಸಿಕೊಳ್ಳುತ್ತದೆ. ಸೆನ್ಸರಿನ ವೈರನ್ನು GPIO 32ರಿಂದ 39ರ ನಡುವಿನ, ಬೋರ್ಡಿನ ಮೇಲೆ ಕಾಣುವ ಯಾವುದಾದರೂ ಪಿನ್ನಿಗೆ ಹಾಕಿ. ಅವು ADC1ಗೆ ಸೇರಿದವು. ಇದನ್ನು ಈಗಲೇ ಮಾಡಿದರೆ ನಡುರಾತ್ರಿಯ ಎರಡು ಗಂಟೆ ಉಳಿಯುತ್ತದೆ.

ಇನ್ನು ಮೇಡಂ ಜೊತೆ ಮಾತಾಡುವ ರೀತಿ. ಅವರು ನಾಳೆ ಮಧ್ಯಾಹ್ನದವರೆಗೂ ಇಲ್ಲೇ ಇರುತ್ತಾರೆ. ಹತ್ತಿರ ಹೋದಾಗ ಆ್ಯಪ್‌ನ ಬಣ್ಣ, ಬಟನ್ ತೋರಿಸುವುದರಿಂದ ಶುರು ಮಾಡಬೇಡಿ. ಅವರು ಮೊದಲು ಕೇಳುವುದು ಕಚ್ಚಾ ರೀಡಿಂಗ್‌ಗಳ ಪಟ್ಟಿ. ಅದನ್ನು ಒಯ್ಯಿರಿ. ಎಲ್ಲಿ ಸಂಖ್ಯೆ ವಿಚಿತ್ರವಾಗಿದೆಯೋ ಅಲ್ಲಿ ಗುರುತು ಹಾಕಿ ಒಯ್ಯಿರಿ. ಎಲ್ಲವೂ ಸರಿಯಾಗಿರುವ ಪಟ್ಟಿಗಿಂತ ಒಂದು ಕಡೆ ಕೆಟ್ಟಿರುವ ಪಟ್ಟಿಯ ಮುಂದೆ ಅವರು ಜಾಸ್ತಿ ಹೊತ್ತು ಕೂರುತ್ತಾರೆ. ತಯಾರಿಗೆ ಅಂತ ಅವರ ಜೊತೆ ಮಾತಾಡಿದಾಗ ನಾನೇ ಕಣ್ಣಾರೆ ನೋಡಿದ್ದೇನೆ, ಕೆಟ್ಟ ಗ್ರಾಫ್ ಕಂಡರೆ ಅವರ ಮುಖ ಅರಳುತ್ತದೆ. ಎರಡನೇ ವರ್ಷದವರು, ಡಿಪ್ಲೊಮಾದವರು ಹಿಂದೆ ಸರಿಯಬೇಡಿ. ಮನೆಯಲ್ಲಿ ಹೊಲ ಇದ್ದರೆ ನಿಮಗೇ ಇಲ್ಲಿ ಅನುಕೂಲ ಜಾಸ್ತಿ. ಬಿರುಕು ಯಾವ ತಿಂಗಳು ಶುರುವಾಗುತ್ತದೆ, ಅಪ್ಪ ಹಸಿ ನೋಡಲು ಎಷ್ಟು ಆಳಕ್ಕೆ ಕೆದಕುತ್ತಾರೆ ಅನ್ನುವುದು ನಿಮಗೆ ಗೊತ್ತು. ಅದು ಈ ಸಭಾಂಗಣದಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಕೊನೆಯದಾಗಿ, ಮೇಡಂ ನಿಮಗೆ ಕೊಡಲಿರುವ ಸವಾಲು. ಇದರ ಲೆಕ್ಕವನ್ನಷ್ಟೇ ನಾನು ಹೇಳುತ್ತೇನೆ.

ಹಿಂಗಾರಿ ಕಡಲೆ ಬೆಳೆಯುವ ಬಹಳ ರೈತರಿಗೆ ಬೋರ್‌ವೆಲ್ ಇಲ್ಲ. ಮಲಪ್ರಭಾ ಕಾಲುವೆಯ ನೀರು ತನ್ನ ಸರದಿ ಬಂದಾಗ ಬರುತ್ತದೆ, ಸೆನ್ಸರ್ ಕರೆದಾಗ ಬರುವುದಿಲ್ಲ. ಕೆಲವರ ಹತ್ತಿರ ಇರುವುದು ಕೃಷಿ ಹೊಂಡ. ಮೇಲ್ಭಾಗ 12 ಮೀಟರ್ ಉದ್ದ, 12 ಮೀಟರ್ ಅಗಲ, ಆಳ 3 ಮೀಟರ್ ಇರುವ ಹೊಂಡ ತೆಗೆದುಕೊಳ್ಳೋಣ. ಗೋಡೆ ಕುಸಿಯದಂತೆ ಇಳಿಜಾರು ಬಿಡಬೇಕಾದ್ದರಿಂದ ತಳ 6 ಮೀಟರ್‌ಗೆ 6 ಮೀಟರ್ ಅಷ್ಟೇ ಉಳಿಯುತ್ತದೆ. ಹೀಗಿದ್ದರೆ ತುಂಬಿದ ಹೊಂಡದಲ್ಲಿ ಹಿಡಿಯುವುದು 252 ಘನ ಮೀಟರ್, ಅಂದರೆ ಸುಮಾರು ಎರಡೂವರೆ ಲಕ್ಷ ಲೀಟರ್. ಕೇಳಲು ಬಹಳ ಅನಿಸುತ್ತದೆ. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಅದಕ್ಕೆ ಸ್ಪ್ರಿಂಕ್ಲರ್‌ನಿಂದ 50 ಮಿಲಿಮೀಟರ್ ನೀರು ಕೊಟ್ಟರೆ ಸುಮಾರು ಎರಡು ಲಕ್ಷ ಲೀಟರ್ ಹೋಯಿತು. ಬಿಸಿಲಿಗೆ ಆರಿದ್ದು, ತಳದಲ್ಲಿ ಇಂಗಿದ್ದು ಕಳೆದರೆ ಹೊಂಡ ಖಾಲಿ. ಒಂದು ಎಕರೆಗೆ ಒಂದೇ ಒಂದು ಸಲ.

ಕಡಲೆಗೆ ನೀರು ಬಹಳ ಮುಖ್ಯವಾಗುವ ಹೊತ್ತು ಎರಡು: ಹೂ ಬಿಡುವುದಕ್ಕೆ ಮೊದಲು, ಮತ್ತು ಕಾಯಿ ಕಟ್ಟುವಾಗ. ಹೊಂಡದ ನೀರು ಒಂದಕ್ಕೆ ಮಾತ್ರ ಸಾಕು. ಹೂವಿಗೆ ಮೊದಲೇ ಕೊಟ್ಟುಬಿಟ್ಟರೆ, ಕಾಯಿ ಕಟ್ಟುವಾಗ ಮಣ್ಣು ಒಣಗಿದರೆ ಏನು ಮಾಡುವುದು? ಕಾಯಿ ಕಟ್ಟುವವರೆಗೆ ಕಾದರೆ, ಅಷ್ಟರಲ್ಲಿ ಬಿರುಕು ದೊಡ್ಡದಾಗಿ ಸೆನ್ಸರ್ ತಪ್ಪು ಹೇಳಲು ಶುರು ಮಾಡಿದರೆ? ಕಾಯುತ್ತಿರುವಾಗಲೇ ಹೊಂಡದ ನೀರು ದಿನವೂ ಆರುತ್ತಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ತೇವ ಕಡಿಮೆಯಾದರೆ ಮೋಟರ್ ಚಾಲೂ ಮಾಡು ಅನ್ನುವ ಒಂದು ಸಾಲಿನ ಕೋಡ್ ಇಲ್ಲಿ ಹೊಂಡವನ್ನು ತಪ್ಪು ದಿನ ಖಾಲಿ ಮಾಡಿಬಿಡುತ್ತದೆ.

ಆ ಒಂದು ಸಲದ ನೀರನ್ನು ಯಾವ ದಿನ ಕೊಡಬೇಕು ಅಂತ ರೈತರಿಗೆ ಸಲಹೆ ಹೇಳುವ, ಆ ಸಲಹೆಗೆ ಕಾರಣವನ್ನೂ ಕನ್ನಡದಲ್ಲಿ ತೋರಿಸುವ ವ್ಯವಸ್ಥೆ ನಿಮ್ಮಿಂದ ಬೇಕಾಗಿದೆ. ಮೇಡಂ ಆ ಹೊಲದ ರೀಡಿಂಗ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ತಂದಿದ್ದಾರೆ, ಬಿರುಕು ಬಿಟ್ಟ ದಿನಗಳ ತಪ್ಪು ರೀಡಿಂಗ್‌ಗಳ ಸಮೇತ. ಒಂದನ್ನೂ ತಿದ್ದಿಲ್ಲ. ಆ ವರ್ಷ ಆ ಹಿರಿಯರು ಯಾವ ದಿನ ನೀರು ಬಿಟ್ಟರು, ಯಾಕೆ ಬಿಟ್ಟರು ಅನ್ನುವುದನ್ನು ಮೇಡಂ ನಾಳೆ ಮಧ್ಯಾಹ್ನ ಹೇಳುತ್ತಾರೆ, ನಿಮ್ಮ ಎಲ್ಲ ತಂಡಗಳ ಉತ್ತರ ಬಂದ ಮೇಲೆ.

ಮೇಡಂ, ಬರ್ರಿ. ಮೈಕ್ ಇಲ್ಲಿದೆ.